ವಿಷಯ: ಗುಂಪುಗಳ ಗಾತ್ರ ಸಮನಾಗಿಲ್ಲದಾಗ ಅನೋವಾ ಫಲಿತಾಂಶವನ್ನು ನಂಬಬಹುದೇ? (ದಂಟಿನ ಸೊಪ್ಪಿನ ಕುಂಡ ಪ್ರಯೋಗ)

ರೇಖಾ ಮೇಡಂ ಅವರಿಗೆ,

ನಮಸ್ಕಾರ. ನಾನು ಎರಡನೇ ವರ್ಷದ ಎಂ.ಎಸ್‌ಸಿ. ಸಸ್ಯಶಾಸ್ತ್ರದ ಮಂಜುನಾಥ. ಬುಧವಾರದ ಸಂಖ್ಯಾಶಾಸ್ತ್ರ ಪ್ರಾಯೋಗಿಕ ತರಗತಿಯಲ್ಲಿ ಕಿಟಕಿ ಪಕ್ಕ ಕೂರುವವನು. ಹೋದ ವಾರ ಪ್ರೊಜೆಕ್ಟರಿನ ವೈರಿಗೆ ಎಡವಿದವನೂ ನಾನೇ. ಅಂದು ತರಗತಿ ಮುಗಿಯುವಾಗ ತಾವು, "ಏಕಮುಖ ಅನೋವಾಗೆ ಗುಂಪುಗಳ ಗಾತ್ರ ಒಂದೇ ಇರಬೇಕೆಂಬ ನಿಯಮವಿಲ್ಲ" ಎಂದಿರಿ. ನಿಶ್ಚಿಂತೆಯಿಂದ ಮನೆಗೆ ಹೋದೆ. ನನ್ನ ಅಂಕಿಅಂಶಗಳನ್ನು ಹಾಕಿ ನೋಡಿದ ಮೇಲೆ ಆ ನಿಶ್ಚಿಂತೆ ಉಳಿದಿಲ್ಲ.

ನನ್ನ ಪ್ರಯೋಗ ಇಷ್ಟು: ದಂಟಿನ ಸೊಪ್ಪು, ನಾಲ್ಕು ಬಗೆಯ ಮಣ್ಣು, ಬಗೆಗೆ 16 ಕುಂಡ, ಕುಂಡಕ್ಕೆ ಒಂದೇ ಗಿಡ. ಗೊಬ್ಬರವಿಲ್ಲದ್ದು, ಕೊಟ್ಟಿಗೆ ಗೊಬ್ಬರ, ಎರೆಗೊಬ್ಬರ, ಕಡಲೆಕಾಯಿ ಹಿಂಡಿ. 30ನೇ ದಿನ ಕಿತ್ತು ಹಸಿ ತೂಕ ನೋಡುವುದು. ಮೂರನೇ ವಾರದಲ್ಲಿ ಹೆಗ್ಗಣಗಳು ಹಿಂಡಿಯ ವಾಸನೆ ಹಿಡಿದು ಬಂದವು. ಬೆಳಿಗ್ಗೆ ಹೋಗಿ ನೋಡಿದರೆ ಹಿಂಡಿ ಹಾಕಿದ ಕುಂಡಗಳ ಮಣ್ಣೆಲ್ಲ ಹೊರಗೆ, ಗಿಡಗಳು ಬೇರು ಮೇಲಾಗಿ ಬಿದ್ದಿದ್ದವು. ಅಕ್ಕಪಕ್ಕದ ಕೆಲವು ಕುಂಡಗಳಿಗೂ ಪೆಟ್ಟಾಯಿತು. ಕೊನೆಗೆ ತಕ್ಕಡಿಗೆ ಬಂದದ್ದು 64ರಲ್ಲಿ 51 ಗಿಡ.

ಗೊಬ್ಬರವಿಲ್ಲದ್ದು: 16 ಗಿಡ, ಸರಾಸರಿ 24.1 ಗ್ರಾಂ, ಮಾನಕ ವಿಚಲನೆ 3.1
ಕೊಟ್ಟಿಗೆ ಗೊಬ್ಬರ: 15 ಗಿಡ, 25.8 ಗ್ರಾಂ, 3.6
ಎರೆಗೊಬ್ಬರ: 13 ಗಿಡ, 26.9 ಗ್ರಾಂ, 4.8
ಹಿಂಡಿ: 7 ಗಿಡ, 30.2 ಗ್ರಾಂ, 8.2

ನನ್ನನ್ನು ಕಾಡುತ್ತಿರುವುದು ಕೊನೆಯ ಸಾಲು. ಅತಿ ಚಿಕ್ಕ ಗುಂಪಿನಲ್ಲೇ ಅತಿ ಹೆಚ್ಚು ಏರುಪೇರು ಇದೆ. ವೇರಿಯನ್ಸ್ ಲೆಕ್ಕದಲ್ಲಿ ಗೊಬ್ಬರವಿಲ್ಲದ ಗುಂಪಿಗಿಂತ ಹಿಂಡಿಯದು ಏಳು ಪಟ್ಟು. ಎರಡು ರೀತಿಯಲ್ಲಿ ಪರೀಕ್ಷಿಸಿದೆ:

```r
oneway.test(tuka ~ gobbara, data = dantu, var.equal = TRUE)
# F = 2.98, df = 3, 47,   p = 0.04
oneway.test(tuka ~ gobbara, data = dantu)
# F = 2.06, df = 3, 18.8, p = 0.14
```

ಮೊದಲನೆಯದು ಮಾಮೂಲಿ ಅನೋವಾ, ಎರಡನೆಯದು ವೆಲ್ಚ್ ವಿಧಾನ. ಅದೇ 51 ಗಿಡ. ಒಂದರ ಪ್ರಕಾರ ಗೊಬ್ಬರದಿಂದ ವ್ಯತ್ಯಾಸವಾಗಿದೆ, ಇನ್ನೊಂದರ ಪ್ರಕಾರ ಹಾಗೆನ್ನಲು ಸಾಕಷ್ಟು ಆಧಾರವಿಲ್ಲ.

ಹೀಗೇಕೆ ಎಂದು ಕೈಲೆಕ್ಕ ಮಾಡಿ ನೋಡಿದೆ. ಎಲ್ಲಿಯಾದರೂ ತಪ್ಪಿದ್ದರೆ ತಿದ್ದಿ. ಮಾಮೂಲಿ ಅನೋವಾ ನಾಲ್ಕೂ ಗುಂಪುಗಳ ವೇರಿಯನ್ಸನ್ನು ಒಟ್ಟುಗೂಡಿಸಿ ಒಂದೇ ಅಂಕಿ ಮಾಡುತ್ತದೆ. ನನ್ನ ಲೆಕ್ಕದಲ್ಲಿ ಅದು ಸುಮಾರು 21.4. ಈ ಒಟ್ಟುಗೂಡಿಕೆಯಲ್ಲಿ ದೊಡ್ಡ ಗುಂಪುಗಳ ಮಾತೇ ಹೆಚ್ಚು ನಡೆಯುತ್ತದೆ, ಅವು ಇಲ್ಲಿ ಶಾಂತವಾಗಿವೆ. ಹಿಂಡಿ ಗುಂಪಿನ ಸ್ವಂತ ವೇರಿಯನ್ಸ್ 67.2 ಇದ್ದರೂ 47 ಸ್ವಾತಂತ್ರ್ಯಾಂಶಗಳಲ್ಲಿ ಅದರ ಪಾಲು ಬರೀ 6. ಹೀಗಾಗಿ ಹಿಂಡಿಯ ಸರಾಸರಿಯ ಮಾನಕ ದೋಷ ಒಟ್ಟು ಅಂಕಿಯಿಂದ ಲೆಕ್ಕ ಹಾಕಿದರೆ 1.75 ಗ್ರಾಂ, ಅದರದೇ ಏರುಪೇರಿನಿಂದ ಹಾಕಿದರೆ 3.1 ಗ್ರಾಂ. ಅಂದರೆ ಯಾವ ಸರಾಸರಿಯ ಮೇಲೆ ನಮಗೆ ನಂಬಿಕೆ ಅತಿ ಕಡಿಮೆ ಇರಬೇಕೋ ಅದನ್ನೇ F ಹೆಚ್ಚು ನಂಬಿದೆ. ದೊಡ್ಡ ಗುಂಪಿನಲ್ಲೇ ಏರುಪೇರು ಹೆಚ್ಚಿದ್ದಿದ್ದರೆ ತಪ್ಪು ಎದುರು ದಿಕ್ಕಿಗೆ ವಾಲುತ್ತಿತ್ತು, ಇದ್ದ ವ್ಯತ್ಯಾಸವೂ ಕಾಣದೆ ಹೋಗುತ್ತಿತ್ತು.

ಹಾಗಾದರೆ ನನ್ನ ಮೊದಲ ಪ್ರಶ್ನೆ: ಸಮಗಾತ್ರ ಎಂಬುದು ಸ್ವತಃ ಒಂದು ಷರತ್ತಲ್ಲ, ಆದರೆ ಸಮ ವೇರಿಯನ್ಸ್ ಎಂಬ ಷರತ್ತು ಮುರಿದಾಗ ಅನೋವಾವನ್ನು ಕಾಪಾಡುವುದು ಆ ಸಮಗಾತ್ರವೇ. ಗಾತ್ರವೂ ಹೋಗಿ ವೇರಿಯನ್ಸೂ ಹೋದರೆ ಕಾಪಾಡುವವರಿಲ್ಲ. ಹೀಗೆ ಅರ್ಥ ಮಾಡಿಕೊಂಡದ್ದು ಸರಿಯೇ?

ಎರಡನೆಯದು ಸ್ವಲ್ಪ ಮುಜುಗರದ್ದು. ನಾನು ಮೊದಲು 0.04 ನೋಡಿ ಖುಷಿಪಟ್ಟು, ಆಮೇಲೆ ವೆಲ್ಚ್ ಹಾಕಿದವನು. ಈಗ ವೆಲ್ಚ್ ಫಲಿತಾಂಶವನ್ನಷ್ಟೇ ಪ್ರಬಂಧದಲ್ಲಿ ಕೊಟ್ಟರೆ ಸಾಕೇ, ಎರಡನ್ನೂ ಮಾಡಿ ನೋಡಿದ್ದೇನೆಂದು ಬರೆಯಬೇಕೇ? ಬರೆಯಬೇಕು ಎಂದೇ ನನಗೆ ಅನ್ನಿಸುತ್ತದೆ. ಲೆವೀನ್ ಪರೀಕ್ಷೆ ಮಾಡಿ, ಅದು ಸೋತರೆ ಮಾತ್ರ ವೆಲ್ಚ್‌ಗೆ ಹೋಗಬೇಕೇ ಅಥವಾ ಗಾತ್ರ ಅಸಮವಾಗಿದ್ದರೆ ಮೊದಲಿನಿಂದಲೇ ವೆಲ್ಚ್ ಹಿಡಿಯುವುದು ಒಳ್ಳೆಯದೇ? ಆರ್‌ನ `oneway.test`ಗೆ ಏನೂ ಹೇಳದಿದ್ದರೆ ವೆಲ್ಚ್ ಬರುತ್ತದೆಂಬುದು ಎರಡನೆಯದರ ಪರವಾಗಿ ಕಾಣುತ್ತದೆ. ಲಾಗ್ ತೆಗೆದೂ ನೋಡಿದೆ. ಅಂತರ ಸ್ವಲ್ಪ ಕಡಿಮೆಯಾಯಿತೇ ಹೊರತು ಸರಿಹೋಗಲಿಲ್ಲ. ರೆಸಿಡ್ಯುಯಲ್‌ಗಳ ಕ್ಯು-ಕ್ಯು ನಕ್ಷೆ ಹೆಚ್ಚುಕಡಿಮೆ ನೇರವಾಗಿದೆ, ತುದಿಯಲ್ಲಿ ದಾರಿ ತಪ್ಪಿದ ಚುಕ್ಕೆಗಳೆಲ್ಲ ಹಿಂಡಿಯವೇ.

ಇನ್ನೊಂದು ಸಲಹೆಯ ಬಗ್ಗೆ ತಮ್ಮ ಅಭಿಪ್ರಾಯ ಬೇಕು. ಎಲ್ಲ ಗುಂಪುಗಳಿಂದಲೂ ಚೀಟಿ ಎತ್ತಿ ಏಳೇಳು ಗಿಡ ಮಾತ್ರ ಇಟ್ಟುಕೊಂಡರೆ ಸಮವಾಗುತ್ತದಲ್ಲ ಎಂದು ಹಿರಿಯ ವಿದ್ಯಾರ್ಥಿಯೊಬ್ಬರು ಹೇಳಿದರು. ಮೂರು ಸಲ ಎತ್ತಿ ನೋಡಿದೆ. ಮೂರು ಬೇರೆ ಬೇರೆ p ಬಂತು: ಒಂದು 0.05ರ ಒಳಗೆ, ಎರಡು ಹೊರಗೆ. ಮೂವತ್ತು ದಿನ ನೀರು ಹಾಕಿದ 23 ಗಿಡಗಳನ್ನು ಬಿಸಾಡಿ, ಉತ್ತರವನ್ನು ಚೀಟಿಗೆ ಬಿಡುವುದು ನನಗಂತೂ ಒಪ್ಪಿಗೆಯಾಗಲಿಲ್ಲ. ತಾವು ಬೇಡವೆಂದರೆ ಅವರಿಗೆ ಹೇಳಲು ಧೈರ್ಯ ಬರುತ್ತದೆ.

ಕೊನೆಯ ಪ್ರಶ್ನೆಗೆ ಯಾವ ಪರೀಕ್ಷೆಯಲ್ಲೂ ಉತ್ತರವಿಲ್ಲವೇನೋ ಎಂಬ ಅಳುಕಿದೆ. ಗಿಡಗಳು ಸುಮ್ಮನೆ ಕಳೆದುಹೋಗಿಲ್ಲ, ಹಿಂಡಿಯ ಕಾರಣಕ್ಕೇ ಹೋಗಿವೆ. ಬೇರು ಗಟ್ಟಿಯಿದ್ದ ದೊಡ್ಡ ಗಿಡಗಳಷ್ಟೇ ಹೆಗ್ಗಣದ ಕೆದಕಾಟ ತಡೆದುಕೊಂಡು ಉಳಿದಿದ್ದರೆ 30.2 ಎಂಬುದು ಹಿಂಡಿಯ ಗುಣವೋ, ಬದುಕುಳಿದವುಗಳ ಗುಣವೋ? ಜೊತೆಗೆ, ಉಳಿದ ಏಳರಲ್ಲಿ ಎರಡು ಕುಂಡಗಳ ಮಣ್ಣು ಅರ್ಧ ಕೆದಕಿತ್ತು; ನಾನೇ ಕೈಯಿಂದ ಒತ್ತಿ ಮುಚ್ಚಿದ್ದೆ. ನೋಟ್‌ಬುಕ್ಕಿನಲ್ಲಿ ಅಂದೇ ಬರೆದಿದ್ದೇನೆ, ಅದೊಂದು ಒಳ್ಳೆಯ ಕೆಲಸ ಮಾಡಿದೆ. ಆ ಗುಂಪಿನಲ್ಲಿ ಅತಿ ಕಡಿಮೆ ತೂಗಿದ್ದು ಆ ಎರಡೇ ಗಿಡ. ಏರುಪೇರಿನ ಒಂದು ಭಾಗ ಅಲ್ಲಿಂದಲೇ ಬಂದಿರಬಹುದು. ಅವನ್ನು ತೆಗೆದರೆ ಹಿಂಡಿಯ ಸರಾಸರಿ ಇನ್ನೂ ಮೇಲೇರುತ್ತದೆ, ನನಗೆ ಬೇಕಾದ ಉತ್ತರಕ್ಕೆ ಹತ್ತಿರವಾಗುತ್ತದೆ. ಅದಕ್ಕಾಗಿಯೇ ತೆಗೆಯಲು ಹಿಂಜರಿಕೆ. ಇಟ್ಟುಕೊಂಡು ವಿಶ್ಲೇಷಿಸಿ, ತೆಗೆದರೆ ಏನಾಗುತ್ತದೆಂದು ಪಕ್ಕದಲ್ಲಿ ತೋರಿಸಿದರೆ ಸರಿಯಾದೀತೇ?

ಜೋಡಿ ಹೋಲಿಕೆಗೆ ಟ್ಯೂಕಿ-ಕ್ರೇಮರ್ ಬದಲು ಗೇಮ್ಸ್-ಹೋವೆಲ್ ಬಳಸಬೇಕೆಂದುಕೊಂಡಿದ್ದೇನೆ, ವೇರಿಯನ್ಸ್ ಸಮವೆಂದು ಅದು ಊಹಿಸುವುದಿಲ್ಲವಲ್ಲ. ಬೇಡವೆಂದರೆ ತಿಳಿಸಿ.

ದತ್ತಾಂಶದ ಕಡತ ಮತ್ತು ನೋಟ್‌ಬುಕ್ಕಿನ ಆ ಪುಟದ ಫೋಟೋ ಲಗತ್ತಿಸಿದ್ದೇನೆ. ಅಧ್ಯಾಯದ ಕರಡನ್ನು ಮಾರ್ಗದರ್ಶಕರಿಗೆ ಮುಂದಿನ ಸೋಮವಾರ ಕೊಡಬೇಕು. ಗುರುವಾರ ಅಥವಾ ಶುಕ್ರವಾರ ಮಧ್ಯಾಹ್ನ ಮೂರರ ನಂತರ ತಮಗೆ ಹದಿನೈದು ನಿಮಿಷ ಬಿಡುವಿದ್ದರೆ ಪ್ರಯೋಗಾಲಯಕ್ಕೆ ಬರುತ್ತೇನೆ. ಬಿಡುವಿಲ್ಲದಿದ್ದರೆ ಮೊದಲ ಪ್ರಶ್ನೆಗೆ ಮತ್ತು ಆ ಎರಡು ಕುಂಡಗಳ ವಿಷಯಕ್ಕೆ ಎರಡು ಸಾಲಿನ ಉತ್ತರ ಬಂದರೂ ನನ್ನ ಕೆಲಸ ಮುಂದಕ್ಕೆ ಸಾಗುತ್ತದೆ.

ಇಂತಿ ತಮ್ಮ ವಿದ್ಯಾರ್ಥಿ,
ಮಂಜುನಾಥ
ಎಂ.ಎಸ್‌ಸಿ. ಸಸ್ಯಶಾಸ್ತ್ರ, ಎರಡನೇ ವರ್ಷ

ಲಗತ್ತು: `dantu.csv`, `notebook_puta.jpg`