ನಿಮ್ಮ ಕೀಮೋ ಕ್ಯಾಲೆಂಡರ್: ಮೊದಲ ಸುತ್ತು, 2026ರ ಫೆಬ್ರವರಿ 4ರಿಂದ 24

ಅಮ್ಮಾ, ಡಾಕ್ಟರ್ ನಿಮ್ಮ ಫೈಲಿನಲ್ಲಿ ಬರೆದಿರುವುದು ಇಷ್ಟೇ:

```
CAPOX  q21d x 4
Oxaliplatin 130 mg/m2 IV D1
Capecitabine 1000 mg/m2 PO BD D1-14
FBC, U&E, LFT before each cycle
```

ಅಂದರೆ 21 ದಿನಕ್ಕೊಂದರಂತೆ ನಾಲ್ಕು ಸುತ್ತು; ಪ್ರತಿ ಸುತ್ತಿನ ಮೊದಲ ದಿನ ಆಕ್ಸಾಲಿಪ್ಲಾಟಿನ್ ಡ್ರಿಪ್, ಜೊತೆಗೆ 14 ದಿನ ದಿನಕ್ಕೆ ಎರಡು ಹೊತ್ತು ಕ್ಯಾಪೆಸಿಟಾಬಿನ್ ಮಾತ್ರೆ, ಪ್ರತಿ ಸುತ್ತಿಗೂ ಮುಂಚೆ ರಕ್ತ ಪರೀಕ್ಷೆ. ಈ ನಾಲ್ಕು ಸಾಲನ್ನು ನಿಮ್ಮ ಮನೆಯ ದಿನಗಳಿಗೆ ಹೊಂದಿಸಿ ಬರೆದಿದ್ದೇನೆ. ಗೋಡೆಗೆ ಅಂಟಿಸಿ. ನಿಮ್ಮ ಮಗಳಿಗೂ ಒಂದು ಪ್ರತಿ ಕೊಡಿ.

ನಿಮ್ಮ ಎತ್ತರ 150 ಸೆಂ.ಮೀ., ತೂಕ 54 ಕೆ.ಜಿ. ಇವೆರಡರಿಂದ ಲೆಕ್ಕ ಹಾಕಿದರೆ ಮೈಯ ಮೇಲ್ಮೈ 1.5 ಚದರ ಮೀಟರ್ ಬರುತ್ತದೆ. ಹಾಗಾಗಿ ಡ್ರಿಪ್‌ನಲ್ಲಿ ಆಕ್ಸಾಲಿಪ್ಲಾಟಿನ್ 195 ಮಿ.ಗ್ರಾಂ. ಕ್ಯಾಪೆಸಿಟಾಬಿನ್ ಒಂದು ಹೊತ್ತಿಗೆ 1500 ಮಿ.ಗ್ರಾಂ., ಅಂದರೆ 500ರ ಮೂರು ಮಾತ್ರೆ. ಪ್ರತಿ ಸುತ್ತಿಗೂ ತೂಕ ನೋಡುತ್ತೇವೆ. ತೂಕ ತುಂಬಾ ಇಳಿದರೆ ಈ ಲೆಕ್ಕವೂ ಬದಲಾಗಬಹುದು.

ಫೆಬ್ರವರಿ 2, ಸೋಮವಾರ: ರಕ್ತ ಪರೀಕ್ಷೆ
ಡ್ರಿಪ್ ಬುಧವಾರಕ್ಕೆ ಇಟ್ಟಿರುವುದು ಬೇಕೆಂದೇ. ಸೋಮವಾರ ರಕ್ತ ಕೊಟ್ಟರೆ ವರದಿ ನೋಡಿ ನಿರ್ಧರಿಸಲು ಮಂಗಳವಾರ ಪೂರ್ತಿ ಸಿಗುತ್ತದೆ. ನ್ಯೂಟ್ರೋಫಿಲ್ ಅಂದರೆ ಸೋಂಕಿನ ಜೊತೆ ಹೋರಾಡುವ ಬಿಳಿ ಕಣ. ಅದು 1500 ಇರಬೇಕು, ಪ್ಲೇಟ್‌ಲೆಟ್ 75,000 ಇರಬೇಕು. ಜೊತೆಗೆ ಕಿಡ್ನಿ ಮತ್ತು ಲಿವರ್ ಪರೀಕ್ಷೆ. ಕಿಡ್ನಿ ನಿಧಾನವಾದರೆ ಮಾತ್ರೆಯ ಪ್ರಮಾಣ ಇಳಿಸಬೇಕಾಗುತ್ತದೆ. ಈ ಮಾತ್ರೆಯನ್ನು ದೇಹ ಸರಿಯಾಗಿ ಕರಗಿಸುತ್ತದೆಯೇ ಅಂತ ನೋಡುವ ಡಿಪಿಡಿ ಪರೀಕ್ಷೆಯ ವರದಿ ಆಗಲೇ ಬಂದಿದೆ, ತೊಂದರೆ ಇಲ್ಲ.

ಫೆಬ್ರವರಿ 4, ಬುಧವಾರ: 1ನೇ ದಿನ
ಬೆಳಿಗ್ಗೆ ತಿಂಡಿ ತಿಂದು ಬನ್ನಿ. ಮೊದಲು ವಾಂತಿ ತಡೆಯಲು ಆಂಡಾನ್ಸೆಟ್ರಾನ್ ಮತ್ತು ಡೆಕ್ಸಾಮೆಥಾಸೋನ್ ಇಂಜೆಕ್ಷನ್. ಅರ್ಧ ಗಂಟೆ ಬಿಟ್ಟು ಆಕ್ಸಾಲಿಪ್ಲಾಟಿನ್ ಶುರು. ಅದನ್ನು 500 ಮಿ.ಲೀ. ಗ್ಲೂಕೋಸ್‌ನಲ್ಲಿ ಬೆರೆಸಿ 2 ಗಂಟೆ ಹರಿಸುತ್ತೇವೆ. ಕೈ ಉರಿದರೆ, ಗಂಟಲು ಬಿಗಿದ ಹಾಗಾದರೆ, ಮೈ ತುರಿಸಿದರೆ ಆಗಲೇ ಹೇಳಿ. ಸುಮ್ನೆ ತಡೆದುಕೊಂಡು ಕೂರಬೇಡಿ.

ರಾತ್ರಿ ಊಟ ಮುಗಿದು ಅರ್ಧ ಗಂಟೆಯೊಳಗೆ ಮೊದಲ ಮೂರು ಕ್ಯಾಪೆಸಿಟಾಬಿನ್, ನೀರಿನ ಜೊತೆ. ಮಾತ್ರೆಯನ್ನು ಮುರಿಯಬೇಡಿ, ಪುಡಿ ಮಾಡಬೇಡಿ. ಜೊತೆಗೆ ಒಂದು ಆಂಡಾನ್ಸೆಟ್ರಾನ್ 8 ಮಿ.ಗ್ರಾಂ.

ಇವತ್ತಿನಿಂದ ಫೆಬ್ರವರಿ 8ರವರೆಗೆ, ಐದು ದಿನ, ತಣ್ಣಗಿನದ್ದು ಯಾವುದೂ ಬೇಡ. ಫ್ರಿಜ್‌ನ ನೀರು ಕುಡಿದರೆ ಗಂಟಲು ಹಿಡಿದಂತಾಗಿ ಉಸಿರು ಕಟ್ಟಿತೇನೋ ಅನ್ನಿಸುತ್ತದೆ. ಫ್ರಿಜ್ ಒಳಗೆ ಕೈ ಹಾಕಿದರೆ ಬೆರಳಿಗೆ ಸೂಜಿ ಚುಚ್ಚಿದ ಹಾಗಾಗುತ್ತದೆ. ಇದು ಆಕ್ಸಾಲಿಪ್ಲಾಟಿನ್ ನರಗಳಿಗೆ ಕೊಡುವ ಕಾಟ. ಹಾಗೇನಾದರೂ ಆದರೆ ಬೆಚ್ಚಗಿನ ನೀರು ಗುಟುಕರಿಸಿ, ನಿಧಾನವಾಗಿ ಬಿಡುತ್ತದೆ. ಬಿಡದಿದ್ದರೆ ಫೋನ್ ಮಾಡಿ. ಈ ಐದು ದಿನ ಫ್ರಿಜ್ ತೆರೆಯುವ ಕೆಲಸ ಮಗಳದ್ದು.

ಫೆಬ್ರವರಿ 5 ಮತ್ತು 6: 2, 3ನೇ ದಿನ
ಬೆಳಿಗ್ಗೆ ತಿಂಡಿಯ ನಂತರ ಡೆಕ್ಸಾಮೆಥಾಸೋನ್ 4 ಮಿ.ಗ್ರಾಂ.ನ ಎರಡು ಮಾತ್ರೆ. ಇದನ್ನು ಸಂಜೆ ತಗೊಂಡರೆ ನಿದ್ದೆ ಬರಲ್ಲ. ಆಂಡಾನ್ಸೆಟ್ರಾನ್ ಬೆಳಿಗ್ಗೆ ಒಂದು, ರಾತ್ರಿ ಒಂದು. ಕ್ಯಾಪೆಸಿಟಾಬಿನ್ ಬೆಳಿಗ್ಗೆ 8ಕ್ಕೆ ಮೂರು, ರಾತ್ರಿ 8ಕ್ಕೆ ಮೂರು. ಆಂಡಾನ್ಸೆಟ್ರಾನ್‌ನಿಂದ ಮಲ ಗಟ್ಟಿಯಾಗಬಹುದು, ನೀರು ಜಾಸ್ತಿ ಕುಡಿಯಿರಿ.

ಫೆಬ್ರವರಿ 7ರಿಂದ 17: 4ರಿಂದ 14ನೇ ದಿನ
ದಿನವೂ ಕ್ಯಾಪೆಸಿಟಾಬಿನ್ ಮಾತ್ರ, ಮೂರು ಮತ್ತು ಮೂರು. ಅಂಗೈ ಅಂಗಾಲಿಗೆ ಯೂರಿಯಾ ಕ್ರೀಮ್, ದಿನಕ್ಕೆ ಎರಡು ಸಲ. ಚರ್ಮ ಕೆಂಪಾಗುವವರೆಗೆ ಕಾಯಬೇಡಿ, ಮೊದಲ ದಿನದಿಂದಲೇ ಹಚ್ಚಿ.

ಒಂದು ಹೊತ್ತು ಮರೆತರೆ ಬಿಟ್ಟುಬಿಡಿ. ಮುಂದಿನ ಹೊತ್ತಿಗೆ ಆರು ನುಂಗಬೇಡಿ. ನುಂಗಿದ ಮೇಲೆ ವಾಂತಿಯಾದರೂ ಮತ್ತೆ ತಗೋಬೇಡಿ.

ಫೆಬ್ರವರಿ 13, ಶುಕ್ರವಾರ, 10ನೇ ದಿನ: ರಕ್ತ ಪರೀಕ್ಷೆ. ಇದು ಈ ಸುತ್ತಿಗೆ ಮಾತ್ರ. ಔಷಧಕ್ಕೆ ನಿಮ್ಮ ದೇಹ ಮೊದಲ ಸಲ ಹೇಗೆ ಒಗ್ಗುತ್ತದೆ ಅಂತ ನೋಡಬೇಕು. ಅವತ್ತು ನಾನೇ ಫೋನ್ ಮಾಡುತ್ತೇನೆ. ಬಾಯಿ ಹುಣ್ಣು, ಭೇದಿ, ಕೈಕಾಲು ಉರಿ, ಮೂರನ್ನೂ ಕೇಳುತ್ತೇನೆ. "ಪರವಾಗಿಲ್ಲ" ಅನ್ನಬೇಡಿ, ಎಷ್ಟು ಸಲ ಅಂತ ಎಣಿಸಿ ಹೇಳಿ.

ಫೆಬ್ರವರಿ 18, ಬುಧವಾರ: 15ನೇ ದಿನ
ಈ ಕ್ಯಾಲೆಂಡರ್‌ನಲ್ಲಿ ಜಾಸ್ತಿ ಜನ ತಪ್ಪುವುದು ಇಲ್ಲೇ. ಫೈಲಿನಲ್ಲಿ "D1-14" ಅಂತಿದೆ. ಆದರೆ ನೀವು ಶುರು ಮಾಡಿದ್ದು 1ನೇ ದಿನದ ರಾತ್ರಿ. ಹಾಗಾಗಿ ಕೊನೆಯ ಹೊತ್ತು 15ನೇ ದಿನದ ಬೆಳಿಗ್ಗೆ ಬರುತ್ತದೆ. ಮೊದಲ ರಾತ್ರಿ ಒಂದು ಹೊತ್ತು, ನಡುವಿನ 13 ದಿನಕ್ಕೆ 26 ಹೊತ್ತು, ಇವತ್ತಿನ ಬೆಳಿಗ್ಗೆ ಒಂದು. ಒಟ್ಟು 28 ಹೊತ್ತು, 84 ಮಾತ್ರೆ. ಹಿಂದೆ ಒಬ್ಬರು 14ನೇ ದಿನದ ರಾತ್ರಿ ಮೂರು ಮಾತ್ರೆ ಉಳಿದದ್ದು ನೋಡಿ, ಎಲ್ಲೋ ಮರೆತೆ ಅಂದುಕೊಂಡು ಒಟ್ಟಿಗೆ ಆರು ನುಂಗಿದ್ದರು. ಆ ಫೋನ್ ನಾನು ಮರೆತಿಲ್ಲ. ಅದಕ್ಕೇ ಈ ಚೌಕಕ್ಕೆ ಕೆಂಪು ಗೆರೆ ಹಾಕಿದ್ದೇನೆ: ಬೆಳಿಗ್ಗೆ ಮೂರು, ರಾತ್ರಿ ಏನೂ ಇಲ್ಲ.

ಫೆಬ್ರವರಿ 19ರಿಂದ 24: ಮಾತ್ರೆ ಇಲ್ಲ, ಕ್ರೀಮ್ ಮಾತ್ರ. ಈ ಬಿಡುವಿನಲ್ಲೇ ರಕ್ತಕಣಗಳು ಮತ್ತೆ ಏರುತ್ತವೆ. ಫೆಬ್ರವರಿ 23, ಸೋಮವಾರ ಎರಡನೇ ಸುತ್ತಿನ ರಕ್ತ ಪರೀಕ್ಷೆ.

ಯಾವ ದಿನವಾದರೂ ಸರಿ, ಮಾತ್ರೆ ನಿಲ್ಲಿಸಿ ಫೋನ್ ಮಾಡಬೇಕಾದ್ದು
ದಿನಾ ಹೋಗುವುದಕ್ಕಿಂತ ನಾಲ್ಕು ಸಲ ಜಾಸ್ತಿ ಭೇದಿಯಾದರೆ, ಅಥವಾ ರಾತ್ರಿ ಎಬ್ಬಿಸಿ ಭೇದಿಯಾದರೆ. ಆಗ ಲೋಪೆರಮೈಡ್ 2 ಮಿ.ಗ್ರಾಂ.ನ ಎರಡು ಮಾತ್ರೆ, ಆಮೇಲೆ ಪ್ರತಿ ಭೇದಿಗೆ ಒಂದು, ದಿನಕ್ಕೆ ಎಂಟು ದಾಟಬಾರದು. ಊಟ ಮಾಡಲಾಗದಷ್ಟು ಬಾಯಿ ಹುಣ್ಣು, ನಡೆಯಲಾಗದಷ್ಟು ಅಂಗಾಲು ನೋವು ಬಂದರೂ ಅಷ್ಟೇ.

ಎದೆ ನೋವು ಬಂದರೆ ಫೋನ್‌ಗೂ ಕಾಯದೆ ತುರ್ತು ವಿಭಾಗಕ್ಕೆ ಬನ್ನಿ. ಜ್ವರ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೂ ಹಾಗೇ. ರಾತ್ರಿ ಎರಡು ಗಂಟೆಯಾದರೂ ಬನ್ನಿ. ಪ್ಯಾರಾಸಿಟಮಾಲ್ ನುಂಗಿ ಬೆಳಗಾಗಲಿ ಅಂತ ಕಾಯಬೇಡಿ. ಜ್ವರ ಇಳಿದ ಹಾಗೆ ಕಂಡರೂ ಒಳಗಿನ ಸೋಂಕು ಏರುತ್ತಿರಬಹುದು.

ಫೋಲಿಕ್ ಆಸಿಡ್ ಇರುವ ವಿಟಮಿನ್, ಆಸಿಡಿಟಿ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ, ಇವನ್ನು ಕೇಳದೆ ತಗೋಬೇಡಿ.

ಮುಂದಿನ ಸುತ್ತುಗಳು (ಪೆನ್ಸಿಲ್‌ನಲ್ಲಿ)
ಎರಡನೆಯದು ಫೆಬ್ರವರಿ 25, ಮೂರನೆಯದು ಮಾರ್ಚ್ 18, ನಾಲ್ಕನೆಯದು ಏಪ್ರಿಲ್ 8. ಎಲ್ಲವೂ ಬುಧವಾರ. ರಕ್ತ ಪರೀಕ್ಷೆ ಅದಕ್ಕೂ ಎರಡು ದಿನ ಮುಂಚಿನ ಸೋಮವಾರ.

ಪೆನ್ಸಿಲ್ ಯಾಕೆ ಅಂದರೆ, ರಕ್ತಕಣ ಕಡಿಮೆ ಇದ್ದರೆ ಡ್ರಿಪ್ ಒಂದು ವಾರ ಮುಂದೆ ಹೋಗುತ್ತದೆ. ಆಗ ಮಾತ್ರೆಯೂ ಅದರ ಜೊತೆಗೇ ಮುಂದೆ ಹೋಗುತ್ತದೆ. ಕ್ಯಾಲೆಂಡರ್‌ನಲ್ಲಿ ತಾರೀಖು ಇದೆ ಅಂತ ಮನೆಯಲ್ಲೇ ಮಾತ್ರೆ ಶುರು ಮಾಡಬೇಡಿ. ಡ್ರಿಪ್ ಆದ ದಿನವೇ 1ನೇ ದಿನ. ಹೀಗೆ ಮುಂದೆ ಹೋಯಿತು ಅಂದರೆ ಚಿಕಿತ್ಸೆ ಸೋತಿತು ಅಂತಲ್ಲ. ತುಂಬಾ ಜನರಿಗೆ ಒಂದು ಸಲವಾದರೂ ಹೀಗಾಗುತ್ತದೆ. ಹೊಸ ತಾರೀಖು ಬಂದ ತಕ್ಷಣ ಹೊಸ ಹಾಳೆ ಬರೆದು ಕೊಡುತ್ತೇನೆ, ಹಳೆಯದನ್ನು ತೆಗೆದುಬಿಡಿ.

ಬೆರಳಿನ ಜೋಮು ಮುಂದಿನ ಡ್ರಿಪ್‌ನ ಹೊತ್ತಿಗೂ ಹೋಗಿರದಿದ್ದರೆ, ಗುಂಡಿ ಹಾಕಲು ಕಷ್ಟವಾದರೆ, ಡ್ರಿಪ್ ಹಾಕುವ ಮೊದಲೇ ಹೇಳಿ. ಇದು ಸುತ್ತಿನಿಂದ ಸುತ್ತಿಗೆ ಕೂಡುತ್ತಾ ಹೋಗುತ್ತದೆ, ಆಮೇಲೆ ಪ್ರಮಾಣ ಇಳಿಸಬೇಕಾಗುತ್ತದೆ.

ಎಲ್ಲ ಹೀಗೇ ನಡೆದರೆ ಕೊನೆಯ ಮೂರು ಮಾತ್ರೆ ಏಪ್ರಿಲ್ 22ರ ಬೆಳಿಗ್ಗೆ. ಉಳಿದ ಮಾತ್ರೆಗಳಿದ್ದರೆ ಕಸಕ್ಕೆ ಹಾಕಬೇಡಿ, ಇಲ್ಲಿಗೆ ತನ್ನಿ.

ಡೇ ಕೇರ್ ವಾರ್ಡ್ ನರ್ಸ್
(ಹಗಲು ರಾತ್ರಿ ಕರೆ ಮಾಡುವ ನಂಬರ್ ನಿಮ್ಮ ಹಳದಿ ಕಾರ್ಡಿನ ಹಿಂದಿದೆ)