ಟ್ರಾನ್ಸಾಕ್ಷನ್ ಮತ್ತು ಕನ್‌ಕರೆನ್ಸಿ: ಮೌಖಿಕ ಪರೀಕ್ಷೆಯ ಪ್ರಶ್ನೆಗಳು, ಮಾದರಿ ಉತ್ತರಗಳು

ಮಂಡ್ಯದ ನಮ್ಮ ಡಿಬಿಎಂಎಸ್ ಲ್ಯಾಬ್‌ನ ವಿದ್ಯಾರ್ಥಿಗಳಿಗಾಗಿ. ಉತ್ತರವನ್ನು ಬಾಯಿಪಾಠ ಮಾಡದೆ, ಉದಾಹರಣೆಯೊಂದಿಗೆ ವಿವರಿಸಿ.

1. ಟ್ರಾನ್ಸಾಕ್ಷನ್ ಎಂದರೇನು?
ಪೂರ್ತಿಯಾಗಿ ನಡೆಯಬೇಕಾದ, ಇಲ್ಲವೇ ನಡೆಯಲೇಬಾರದ ಕ್ರಿಯೆಗಳ ಗುಂಪು. ಸಕ್ಕರೆ ಕಾರ್ಖಾನೆಯ ಖಾತೆಯಿಂದ ಕಬ್ಬಿನ ಬಾಕಿ 40,000 ರೂಪಾಯಿ ಕಡಿತವಾಗಿ, ರೈತರ ಖಾತೆಗೆ ಜಮೆಯಾಗುವ ಮುನ್ನ ಕರೆಂಟು ಹೋದರೆ, ಕಡಿತವೂ ರದ್ದಾಗಬೇಕು.

2. `COMMIT` ಆದ ಮಾಹಿತಿ ಸರ್ವರ್ ಕೆಟ್ಟುನಿಂತರೂ ಉಳಿಯುವುದು ಹೇಗೆ?
ಬದಲಾವಣೆಯ ಲಾಗ್ ಮೊದಲೇ ಡಿಸ್ಕ್ ಸೇರಿರುತ್ತದೆ.

3. ಲಾಸ್ಟ್ ಅಪ್‌ಡೇಟ್ ವಿವರಿಸಿ.
ಈ ಪ್ರಶ್ನೆಯಲ್ಲೇ ಹೆಚ್ಚಿನವರು ತಡವರಿಸುತ್ತಾರೆ. ಅಂಕಿಗಳನ್ನು ಹಾಳೆಯ ಮೇಲೆ ಬರೆದು ತೋರಿಸಿ. ಖಾತೆಯಲ್ಲಿ 5,000 ರೂಪಾಯಿ ಇದೆ. ಎರಡು ಕೌಂಟರ್‌ಗಳು ಒಂದೇ ಸಮಯಕ್ಕೆ ಅದನ್ನು ಓದುತ್ತವೆ; ಮೊದಲನೆಯದು 2,000 ಸೇರಿಸಿ 7,000 ಎಂದು ಬರೆಯುತ್ತದೆ, ಎರಡನೆಯದು ತಾನು ಓದಿದ್ದ ಹಳೆಯ ಮೊತ್ತದಿಂದಲೇ 1,000 ಕಳೆದು 4,000 ಎಂದು ಬರೆಯುತ್ತದೆ. ಉಳಿಯಬೇಕಾದದ್ದು 6,000, ಜಮೆಯಾದ 2,000 ಕಾಣೆಯಾಯಿತು. ಓದುವಾಗಲೇ ಸಾಲನ್ನು ಲಾಕ್ ಮಾಡುವುದು ಒಂದು ಪರಿಹಾರ:

```sql
SELECT balance FROM khate
WHERE id = 12 FOR UPDATE;
```

4. ಟೂ-ಫೇಸ್ ಲಾಕಿಂಗ್ ಡೆಡ್‌ಲಾಕ್ ತಡೆಯುತ್ತದೆಯೇ?
ಇಲ್ಲ. ಅದು ಸೀರಿಯಲೈಸಬಿಲಿಟಿಯನ್ನು ಮಾತ್ರ ಖಾತ್ರಿಪಡಿಸುತ್ತದೆ. ಎರಡು ಟ್ರಾನ್ಸಾಕ್ಷನ್‌ಗಳು ಒಂದು ಹಿಡಿದ ಲಾಕಿಗಾಗಿ ಇನ್ನೊಂದು ಪರಸ್ಪರ ಕಾಯುತ್ತಾ ನಿಲ್ಲುವ ಸ್ಥಿತಿ ಆಗಲೂ ಬರಬಹುದು. ವೇಟ್-ಫಾರ್ ಗ್ರಾಫ್‌ನಲ್ಲಿ ಚಕ್ರ ಕಂಡರೆ ಡೇಟಾಬೇಸ್ ಒಂದು ಟ್ರಾನ್ಸಾಕ್ಷನ್ನನ್ನು ರೋಲ್‌ಬ್ಯಾಕ್ ಮಾಡುತ್ತದೆ. ರೋಲ್‌ಬ್ಯಾಕ್ ಆದದ್ದನ್ನು ಮತ್ತೆ ನಡೆಸುವ ಹೊಣೆ ಪ್ರೋಗ್ರಾಮ್ ಬರೆದವರದು ಎಂಬುದನ್ನೂ ಹೇಳಿ.

5. `READ COMMITTED` ಸಾಕೇ?
ಡರ್ಟಿ ರೀಡ್ ತಪ್ಪುತ್ತದೆ. ಆದರೆ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಅದೇ ಸಾಲನ್ನು ಎರಡು ಬಾರಿ ಓದಿದರೆ ಬೇರೆ ಬೇರೆ ಬೆಲೆ ಸಿಗಬಹುದು.