ದಾವಣಗೆರೆ ಒಗ್ಗರಣೆ ಮಂಡಕ್ಕಿ

ಸಂಜೆ ಬಿಸಿ ಮಿರ್ಚಿ ಜೊತೆಗೆ ಇದೇ ಆಗಬೇಕು. ನಾಲ್ಕು ಜನಕ್ಕೆ ಸಾಕು.

ಬೇಕಾದ್ದು: ಮಂಡಕ್ಕಿ 8 ಕಪ್, ಪುಟಾಣಿ ಪುಡಿ 4 ಚಮಚ, ಎಣ್ಣೆ 3 ಚಮಚ, ಹಸಿಮೆಣಸಿನಕಾಯಿ 4, ಬೆಳ್ಳುಳ್ಳಿ 8 ಎಸಳು, ಶೇಂಗಾ ಒಂದು ಹಿಡಿ, ಸಾಸಿವೆ, ಕರಿಬೇವು, ಅರಿಶಿನ, ಉಪ್ಪು, ಚೂರು ಸಕ್ಕರೆ.

ಮಂಡಕ್ಕಿ ಮೆತ್ತಗಾಗಿದ್ದರೆ ಮೊದಲು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ. ಬೆರಳಲ್ಲಿ ಒತ್ತಿದರೆ ಪುಡಿಯಾಗಬೇಕು. ತೆಗೆದಿಡಿ.

ಎಣ್ಣೆಗೆ ಸಾಸಿವೆ ಸಿಡಿಸಿ, ಶೇಂಗಾ ಹುರಿಯಿರಿ. ಜಜ್ಜಿದ ಬೆಳ್ಳುಳ್ಳಿ, ಸೀಳಿದ ಮೆಣಸಿನಕಾಯಿ, ಕರಿಬೇವು ಹಾಕಿ. ಮೆಣಸಿನಕಾಯಿಯ ನೀರೆಲ್ಲ ಹೋಗಿ ಗರಿಗರಿ ಆಗುವವರೆಗೂ ಬಿಡಿ, ಇಲ್ಲಾಂದ್ರೆ ಮಂಡಕ್ಕಿ ಮತ್ತೆ ಮೆತ್ತಗಾಗುತ್ತೆ. ಒಲೆ ಆರಿಸಿ. ಅರಿಶಿನ, ಉಪ್ಪು, ಸಕ್ಕರೆ, ಆಮೇಲೆ ಮಂಡಕ್ಕಿ, ಕೊನೆಗೆ ಪುಟಾಣಿ ಪುಡಿ ಹಾಕಿ ಕೈಯಲ್ಲೇ ಕಲಸಿ.

ಈರುಳ್ಳಿ, ಕೊತ್ತಂಬರಿ, ನಿಂಬೆರಸ ತಟ್ಟೆಗೆ ಹಾಕಿದ ಮೇಲೆಯೇ. ಸೌಟು ಬೇಡ, ಸುಮ್ನೆ ಪುಡಿಯಾಗುತ್ತೆ.